ಎಲ್ಲಾರೂ ಛಲೋ ಅಂದ್ರು, ಮುಂದಿನ ತಿಂಗಳ ರೊಕ್ಕ ಯಾರು ಕೊಟ್ರು?

ನಾನು ಆಪ್ತಸಲಹೆ ಕೊಡುವವಳು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಮನೆಯ ತಾಪತ್ರಯ ಹೇಳಿಕೊಳ್ಳಲು ಬರುತ್ತಾರೆ. ನಿದ್ದೆ ಬರುತ್ತಿಲ್ಲ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಹೀಗೆ. ಈಚೆಗೆ ಇದರ ಬುಡದಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಸಿಗುತ್ತಿದೆ. ಮನೆಯಲ್ಲಿ ಒಬ್ಬರು ನೌಕರಿ ಬಿಟ್ಟು ಸ್ವಂತದ್ದೇನಾದರೂ ಶುರು ಮಾಡಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಬಂಗಾರ ಅಡ ಇಡುವ ಮಾತು ಬಂದ ದಿನ ಜಗಳ ಜೋರಾಗುತ್ತದೆ. ಮೊದಲು ಸಣ್ಣದಾಗಿ ಮಾಡಿ ನೋಡಿ ಅಂತ ಇಂಥವರಿಗೆ ನಾನು ಕೊಡುವ ಸಲಹೆ ಕೆಲವರಿಗೆ ಹಿಡಿಸುವುದಿಲ್ಲ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು ಮತ್ತು ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ.

ಅವರನ್ನು ಶೋಭಾ ಅನ್ನೋಣ. ಹುಬ್ಬಳ್ಳಿಯವರು, ವಯಸ್ಸು ನಲವತ್ತು ದಾಟಿದೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು ಕೆಲಸ ಬಿಟ್ಟಿದ್ದರು. ಮಕ್ಕಳು ಬೆಂಗಳೂರು, ಪುಣೆ ಸೇರಿ, ವಯಸ್ಸಾದ ಅಪ್ಪ ಅಮ್ಮ ಇಲ್ಲಿ ಒಬ್ಬೊಬ್ಬರೇ ಇರುವ ಮನೆಗಳು ಅವರ ಕಣ್ಣಿಗೆ ಬಿದ್ದಿದ್ದವು. ಅವರು ಶುರು ಮಾಡಬೇಕೆಂದಿದ್ದ ಕೆಲಸ ಇದು: ಇಂಥ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು, ವಾರಕ್ಕೊಮ್ಮೆ ಮನೆಗೆ ಹೋಗಿ ಬಿಪಿ, ಗುಳಿಗೆ ನೋಡುವುದು, ಮಕ್ಕಳಿಗೆ ಫೋನಿನಲ್ಲಿ ತಿಳಿಸುವುದು. ಒಂದು ಮನೆಗೆ ತಿಂಗಳಿಗೆ 3,000 ರೂಪಾಯಿ. ವಿದ್ಯಾನಗರದಲ್ಲಿ 8,000 ಬಾಡಿಗೆಯ ಒಂದು ಕೋಣೆ ನೋಡಿದ್ದರು. ಇಬ್ಬರು ಹುಡುಗಿಯರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ಯೋಚನೆ ಇತ್ತು. ಬೋರ್ಡಿನ ನಮೂನೆಯೂ ತಯಾರಿತ್ತು. ಬಂಗಾರ ಅಡ ಇಡುವ ಮಾತೂ ಬಂದಿತ್ತು. ಬೇಡ ಅಂದ ಗಂಡ ಮಾತು ಬಿಟ್ಟಿದ್ದರು.

ಯೋಚನೆ ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಹೇಳಲಿಲ್ಲ. ಅದು ನನಗೆ ಗೊತ್ತೂ ಇಲ್ಲ, ಅವರಿಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ. ಮೂವರಿಗೂ ಗೊತ್ತಿಲ್ಲದ ಸಂಗತಿ ಇಟ್ಟುಕೊಂಡು ಮನೆಯಲ್ಲಿ ಯಾಕೆ ಬಡಿದಾಡಬೇಕು? ಕೋಣೆ, ಬೋರ್ಡು, ಹುಡುಗಿಯರು ಎಲ್ಲ ಬದಿಗಿಡಿ, ಗುರುತಿನ ನಾಲ್ಕು ಮನೆಗಳಲ್ಲಿ ಒಂದು ತಿಂಗಳು ನೀವೇ ಮಾಡಿ ನೋಡಿ ಅಂದೆ. ಖರ್ಚು ಅಂದರೆ ಒಂದು ನೋಟ್‌ಬುಕ್ಕು, ಬಸ್ಸು ಮತ್ತು ಆಟೋ. ಬಿಪಿ ಮಷೀನು ಅವರ ಹತ್ತಿರವೇ ಇತ್ತು.

ಪುಕ್ಕಟೆ ಮಾಡುತ್ತೇನೆ ಅಂದರು. ಬೇಡ ಅಂದೆ. ಪುಕ್ಕಟೆ ಕೆಲಸಕ್ಕೆ ಯಾರೂ ಹೆಸರಿಡುವುದಿಲ್ಲ. ತಡವಾದರೂ, ತಪ್ಪಾದರೂ ಸುಮ್ನೆ ನಗುತ್ತಾರೆ. ದುಡ್ಡು ಕೊಟ್ಟವರು ಮಾತ್ರ 'ಯಾಕ ಬರಲಿಲ್ಲ' ಅಂತ ಕೇಳುತ್ತಾರೆ, ನಮಗೆ ಬೇಕಾದದ್ದು ಆ ಪ್ರಶ್ನೆಯೇ. ದರ 3,000, ಮೊದಲ ನಾಲ್ಕು ಮನೆಗೆ ಈ ಒಂದು ತಿಂಗಳು ಮಾತ್ರ 2,000 ಎಂದು ಮೊದಲೇ ಹೇಳಿ ಅಂದೆ. ಇಲ್ಲದಿದ್ದರೆ 2,000 ರೂಪಾಯಿಯೇ ಕಾಯಂ ದರ ಅಂತ ಜನ ತಿಳಿದುಕೊಳ್ಳುತ್ತಾರೆ, ಮುಂದೆ ಏರಿಸಿದರೆ ಮುಖ ಕೆಡುತ್ತದೆ. ಬೀಗರು, ಅಣ್ಣ ತಮ್ಮಂದಿರ ಮನೆ ಬೇಡವೇ ಬೇಡ ಅಂದೆ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಏನು ಮಾಡುವುದಿಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿಸಿದೆ. ಡಾಕ್ಟರ್ ಚೀಟಿ ಇಲ್ಲದೆ ಇಂಜೆಕ್ಷನ್ ಇಲ್ಲ. ಗುಳಿಗೆ ಹೆಚ್ಚು ಕಡಿಮೆ ಮಾಡುವುದಿಲ್ಲ. ರಾತ್ರಿ ಏನಾದರೂ ಆದರೆ ಮೊದಲು 108ಕ್ಕೆ ಫೋನು, ಆಮೇಲೆ ಶೋಭಾಗೆ. ಟ್ರಯಲ್ ನಡೆಯುತ್ತಿದೆ ಅಂತ ಹಿರಿಯರ ಜೀವ ಟ್ರಯಲ್ ಮೇಲಿರುವುದಿಲ್ಲ, ಅಲ್ವಾ?

ತಿಂಗಳು ಮುಗಿಸಿ ಬಂದಾಗ ಅವರ ಮುಖವೇ ಬೇರೆ ಇತ್ತು.

"ನಾಕೂ ಮನ್ಯಾಗ ಛಲೋ ಆತು ಅಂದ್ರು ಮೇಡಂ. ಒಬ್ರೂ ತಕರಾರು ಮಾಡಿಲ್ರಿ. ಇನ್ನ ಬೋರ್ಡ್ ಹಚ್ಚತೇನ್ರಿ."

"ಮುಂದಿನ ತಿಂಗಳ ರೊಕ್ಕ ಯಾರು ಕೊಟ್ಟಾರ್ರಿ?" ಅಂತ ಕೇಳಿದೆ.

"ಕೇಳಿಲ್ರಿ ಇನ್ನ. ಕೊಡ್ತಾರ್ರಿ, ಎಲ್ಲಾರೂ ಗುರ್ತಿನವ್ರ ಅದಾರ."

ನೋಟ್‌ಬುಕ್ಕು ತೆಗೆಸಿದೆ. ಒಂದೊಂದು ಭೇಟಿಗೂ ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಬಿಡುವಾದದ್ದು ಎಷ್ಟು ಹೊತ್ತಿಗೆ ಅಂತ ಬರೆಯಲು ಹೇಳಿದ್ದೆ. ಚೊಕ್ಕ ಬರೆದಿದ್ದರು. ಒಂದು ಪುಟ ಹೀಗಿತ್ತು. ಸಕ್ಕರೆ ಕಾಯಿಲೆಯ ಅಜ್ಜ. ಏಳೂವರೆಗೆ ಶೋಭಾ ತಮ್ಮ ಮನೆ ಬಿಟ್ಟಿದ್ದಾರೆ. ಎಂಟೂ ನಲವತ್ತಕ್ಕೆ ಖಾಲಿ ಹೊಟ್ಟೆಯ ರಕ್ತ ಕೊಟ್ಟದ್ದು. ಒಂಬತ್ತಕ್ಕೆ ಇಡ್ಲಿ. ಊಟವಾದ ಮೇಲಿನ ಸಕ್ಕರೆ ನೋಡಲು ಎರಡು ತಾಸು ಕಾಯಬೇಕು, ಹಾಗಾಗಿ ಹನ್ನೊಂದಕ್ಕೆ ಇನ್ನೊಮ್ಮೆ ರಕ್ತ. ಡಾಕ್ಟರು ಕರೆದದ್ದು ಹನ್ನೆರಡು ದಾಟಿ. ಔಷಧಿ ಅಂಗಡಿ, ಆಟೋ, ಅಜ್ಜನನ್ನು ಮನೆ ಮುಟ್ಟಿಸಿದಾಗ ಒಂದೂಕಾಲು.

ಒಂದು ಆಸ್ಪತ್ರೆ ಭೇಟಿಗೆ ಎರಡು ತಾಸು ಎಂದು ಲೆಕ್ಕ ಹಾಕಿದ್ದವರು ಇವರೇ. ಆಸ್ಪತ್ರೆಯ ಒಳಗೇ ಇದ್ದವರು! ಆದರೆ ಒಳಗಿದ್ದವರಿಗೆ ಪೇಷಂಟು ಎದುರು ಬಂದು ಕೂತಾಗ ಗಡಿಯಾರ ಶುರುವಾಗುತ್ತದೆ. ಹೊರಗೆ ಬೆಂಚಿನ ಮೇಲೆ ಕಾಯುವ ಹೊತ್ತು ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಾಲ್ಕು ಮನೆಯ ಎಂಟು ಆಸ್ಪತ್ರೆ ಭೇಟಿಗಳನ್ನು ಕೂಡಿಸಿ ಭಾಗಿಸಿದಾಗ ಸರಾಸರಿ ನಾಲ್ಕೂವರೆ ತಾಸು ಬಂತು. ವಾರದ ಮನೆ ಭೇಟಿ, ಸಂಜೆ ಮಕ್ಕಳ ಫೋನು ಬೇರೆ. ಒಂದು ಮನೆಗೆ ತಿಂಗಳಿಗೆ ಎಂಟು ತಾಸು ಅಂದುಕೊಂಡಿದ್ದು ಹದಿನಾರಾಗಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದು ಪುಟದಲ್ಲಿತ್ತು. ಒಂದು ಸೋಮವಾರ ಎರಡು ಮನೆಯವರಿಗೂ ಡಾಕ್ಟರ್ ಭೇಟಿ ಇತ್ತು, ಒಂದು ಹುಬ್ಬಳ್ಳಿ, ಒಂದು ಧಾರವಾಡ. ಎರಡೂ ಬೆಳಿಗ್ಗೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಎಷ್ಟು ಜೋರು ಹೋದರೂ ಒಬ್ಬರು ಎರಡು ಕಡೆ ಇರಲಾಗುವುದಿಲ್ಲ. ಧಾರವಾಡದ ಮನೆಗೆ ತಮ್ಮ ಮೈದುನನ ಮಗನನ್ನು ಕಳಿಸಿದ್ದರು. ಅವನು ಹಳೆಯ ರಿಪೋರ್ಟಿನ ಫೈಲು ಮನೆಯಲ್ಲೇ ಬಿಟ್ಟು ಹೋದ. ಡಾಕ್ಟರು ಫೈಲು ತಂದು ತೋರಿಸಿ ಅಂದರು. ಮತ್ತೊಂದು ದಿನ ಹೋಗಬೇಕಾಯಿತು.

"ಆ ಮನಿಯವ್ರು ಏನಂದ್ರು?"

"ನಮ್ಮ ಸಾಲಿ ಅಕ್ಕೋರ ಮನಿ ಅದು. ಏನೂ ಬೈಲಿಲ್ಲ ಪಾಪ." ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು. "ಒಂದ ಮಾತು ಅಂದ್ರು ಮೇಡಂ. 'ಹುಡುಗ ಛಲೋ ಅದಾನವ್ವಾ. ಆದ್ರ ನೀ ಬರ್ತಿ ಅಂತ ನಾ ಹೂಂ ಅಂದಿದ್ದು. ಬ್ಯಾರೆದವ್ರನ್ನ ಕಳಸೂದಾದ್ರ ನನಗ ಬ್ಯಾಡ' ಅಂದ್ರು."

ಈ ಮಾತನ್ನು ಅವರು ಹೊಗಳಿಕೆ ಅಂತಲೇ ಹೇಳಿದ್ದರು. ನನಗೆ ಹಾಗೆ ಕೇಳಿಸಲಿಲ್ಲ. ನಾಲ್ಕೂ ಮನೆಯವರು 'ಛಲೋ' ಅಂದದ್ದು ಶೋಭಾಗೆ, ಅವರು ಮಾರಬೇಕೆಂದಿರುವ ಸೇವೆಗೆ ಅಲ್ಲ. ನಾಳೆ ಬೋರ್ಡು ಹಾಕಿದರೆ ಆ ಬಾಗಿಲಿಗೆ ಹೋಗುವವರು ಸಂಬಳದ ಹುಡುಗಿಯರು. ಅವರನ್ನು ಒಂದು ಮನೆಯವರೂ ಇನ್ನೂ ನೋಡಿಲ್ಲ. ಗುರುತಿನ ಗಿರಾಕಿಗಳ ಹತ್ತಿರ ಮಾಡುವ ಟ್ರಯಲ್‌ನಲ್ಲಿ ಮೋಸವಾಗುವುದು ಇಲ್ಲೇ. ಸ್ನೇಹ ಯಾವುದು, ಸೇವೆ ಯಾವುದು ಅಂತ ಬೇರ್ಪಡಿಸದಿದ್ದರೆ ಬಂದ ಉತ್ತರಕ್ಕೆ ಬೆಲೆ ಇಲ್ಲ. ಬೇರ್ಪಡಿಸಲು ನನಗೆ ಗೊತ್ತಿರುವ ದಾರಿ ಎರಡೇ. ಪೂರ್ತಿ ದರ ಮುಂಗಡ ಕೇಳುವುದು ಒಂದು. ನಮ್ಮ ಬದಲು ಬೇರೆಯವರನ್ನು ಕಳಿಸುವುದು ಇನ್ನೊಂದು.

ಇದನ್ನು ಹೇಳಿದಾಗ ಶೋಭಾ ಕಣ್ಣಲ್ಲಿ ನೀರು ತಂದುಕೊಂಡರು. "ಹಂಗಾರ ನಾ ಮಾಡಿದ್ದೆಲ್ಲಾ ಸುಳ್ಳೇನ್ರಿ?" ಅಂದರು. ಸುಳ್ಳಲ್ಲ, ಅರ್ಧ ಆಗಿದೆ ಅಂದೆ. ಆ ಅರ್ಧದಲ್ಲಿ ಅವರಿಗೆ ಸಿಕ್ಕಿದ್ದು ಕಡಿಮೆ ಏನಲ್ಲ. ಕೆಲಸಕ್ಕೆ ಎಷ್ಟು ತಾಸು ಹಿಡಿಯುತ್ತದೆ ಅಂತ ಗೊತ್ತಾಗಿತ್ತು. ಹುಬ್ಬಳ್ಳಿ, ಧಾರವಾಡ ಎರಡನ್ನೂ ಒಟ್ಟಿಗೆ ಹಿಡಿಯಲಾಗದು ಅಂತ ಗೊತ್ತಾಗಿತ್ತು. ಮುಖ್ಯವಾಗಿ, ಈ ಕೆಲಸದಲ್ಲಿ ಮಾರಾಟಕ್ಕಿರುವುದು ಬೆಳಗಿನ ಹೊತ್ತು. ಒಬ್ಬ ಹುಡುಗಿ ದಿನಕ್ಕೆ ಎಂಟು ತಾಸು ಇದ್ದರೂ ಅವಳ ಬೆಳಗು ಒಂದೇ. ಸಂಬಳ ದಿನಪೂರ್ತಿಯದು, ಗಳಿಕೆ ಒಂದು ಬೆಳಗಿನದು. ಮಧ್ಯಾಹ್ನ ಸುಮ್ನೆ ಕೂತವರಿಗೆ ತಿಂಗಳ ಸಂಬಳ, ಜೊತೆಗೆ 8,000 ಬಾಡಿಗೆ. ಬಂಗಾರ ಅಡ ಇಟ್ಟಿದ್ದರೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ.

ಎರಡನೇ ತಿಂಗಳಿಗೆ ಲೆಕ್ಕ ತಿರುಗಿಸಿದೆವು. ತಿಂಗಳ ಪ್ಯಾಕೇಜು ಬಿಟ್ಟು, ಒಂದು ಬೆಳಗಿನ ಭೇಟಿಗೆ 750 ರೂಪಾಯಿ, ಮುಂಗಡ. ಹಿರಿಯರ ಆಟೋ ಖರ್ಚು ಅವರ ಮನೆಯವರದ್ದೇ. ನರ್ಸಿಂಗ್ ಓದಿ ಮನೆಯಲ್ಲಿದ್ದ ಒಬ್ಬ ಹುಡುಗಿಗೆ ಭೇಟಿಗೆ 350, ಅವಳ ಓಡಾಟಕ್ಕೆ 100. ಉಳಿಯುವುದು 300. ಮನೆ ಬಿಡುವ ಮುಂಚೆ ನೋಡಲು ಒಂದು ಚೀಟಿ ಬರೆದುಕೊಟ್ಟರು: ಹಳೆಯ ಫೈಲು, ಈಗ ತಿನ್ನುವ ಗುಳಿಗೆಗಳ ಪಾಕೀಟು, ಕನ್ನಡಕ, ಖಾಲಿ ಹೊಟ್ಟೆಯಲ್ಲಿ ಹೋಗಬೇಕೋ ಬೇಡವೋ. ಮೈದುನನ ಮಗ ಫೈಲು ಮರೆತದ್ದರಿಂದ ಹುಟ್ಟಿದ ಚೀಟಿ ಅದು. ಶೋಭಾ ತಾವು ಹೋಗುವ ಹಾಗಿಲ್ಲ, ಫೋನಿನಲ್ಲಿ ಮಾತ್ರ ಸಿಗಬೇಕು ಅನ್ನುವುದು ನನ್ನ ಷರತ್ತು.

ಇಲ್ಲೇ ನನ್ನ ಮೇಲೆ ಆಕ್ಷೇಪ ಬಂದದ್ದು. ಅವರ ಗಂಡ ಫೋನು ಮಾಡಿ, "ಹುರುಪಿನ್ಯಾಗಿದ್ದಳು, ನೀವು ತಣ್ಣೀರು ಹಾಕಿದ್ರಿ" ಅಂದರು. ಮೊದಲು ಬೇಡ ಅಂದವರೂ ಇವರೇ! ಆಪ್ತಸಲಹೆಯವರಿಗೆ ಲೆಕ್ಕಪತ್ರದ ಉಸಾಬರಿ ಯಾಕೆ ಅಂತ ನನ್ನ ಜೊತೆಯವರೊಬ್ಬರೂ ಅಂದರು. ಮನಸ್ಸಿನ ಭಾರ ಇಳಿಸಿ ಕಳಿಸಿದರೆ ಸಾಕು ಅನ್ನುವುದು ಅವರ ವಾದ. ಆದರೆ ಶೋಭಾ ಅವರ ನಿದ್ದೆ ಕೆಟ್ಟದ್ದು ಒಂದು ಲೆಕ್ಕ ಗೊತ್ತಿಲ್ಲದ್ದಕ್ಕೆ. ಆ ಲೆಕ್ಕ ಸಿಗದೆ ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ನಾಲ್ಕು ದಿನ ನಿದ್ದೆ ಬರುತ್ತದೆ, ಐದನೇ ದಿನ ಕೋಣೆಯ ಮಾಲೀಕ ಅಡ್ವಾನ್ಸ್ ಕೇಳುತ್ತಾನೆ. ಹಾಗಂತ ನಾಲ್ಕು ಮನೆಯ ಟ್ರಯಲ್ ಎಲ್ಲವನ್ನೂ ಹೇಳುತ್ತದೆ ಅಂತಲೂ ನಾನು ಹೇಳುವುದಿಲ್ಲ. ಊರಲ್ಲಿ ಎಷ್ಟು ಮನೆಗೆ ಈ ಸೇವೆ ಬೇಕು ಅಂತ ಅದರಿಂದ ತಿಳಿಯುವುದಿಲ್ಲ. ಕೆಲಸ ಎಲ್ಲಿ ಮುರಿಯುತ್ತದೆ, ಒಂದು ಸಲಕ್ಕೆ ಎಷ್ಟು ತಗಲುತ್ತದೆ, ಇಷ್ಟೇ ತಿಳಿಯುತ್ತದೆ.

ಟ್ರಯಲ್ ಮಾಡದೆ ಗೊತ್ತಾಗದ ಒಂದು ವಿಷಯ ಎರಡನೇ ತಿಂಗಳೂ ಸಿಕ್ಕಿತು. ಒಂದು ಮನೆಯ ಅಜ್ಜಿ ಹುಡುಗಿಗೆ, "ಸಕ್ಕರಿ ಏರೇತಿ ಅಂತ ನನ್ನ ಮಗನ ಮುಂದ ಹೇಳಬ್ಯಾಡವ್ವಾ, ಗಾಬರಿ ಆಗ್ತಾನ" ಅಂದರಂತೆ. ದುಡ್ಡು ಕೊಡುವವನು ಮಗ. ರಿಪೋರ್ಟು ತಾಯಿಯದ್ದು. ಯಾರ ಮಾತು ಕೇಳಬೇಕು? ಮೊದಲ ದಿನವೇ ಹಿರಿಯರ ಎದುರಲ್ಲೇ ಮಗನಿಗೆ ಫೋನು ಹಚ್ಚಿ, ಏನೇನು ತಿಳಿಸಬಹುದು ಅಂತ ಹಿರಿಯರ ಬಾಯಿಂದಲೇ ಕೇಳಿ, ಏನು ಮಾಡುವುದಿಲ್ಲ ಅಂತ ಬರೆದ ಆ ಹಾಳೆಯಲ್ಲೇ ಬರೆಯಿರಿ ಅಂದೆ. ಅವರು ಬೇಡ ಅಂದದ್ದನ್ನು ಹುಡುಗಿ ಹೇಳಬಾರದು. ಆದರೆ ಡಾಕ್ಟರ ಮುಂದೆ ಏನನ್ನೂ ಮುಚ್ಚಿಡುವಂತಿಲ್ಲ.

ತಿಂಗಳ ಕೊನೆಗೆ ಎರಡು ಮನೆಯವರು ಮುಂದಿನ ಭೇಟಿಗಳ ದುಡ್ಡು ಮುಂಗಡ ಕೊಟ್ಟರು, ಅದೇ ಹುಡುಗಿ ಬರಲಿ ಅಂದರು. ಎರಡೂ ಹುಬ್ಬಳ್ಳಿಯ ಮನೆಗಳು. ಮೂರನೆಯವರು, ಶೋಭಾ ಅವರ ಹಳೆಯ ಗೆಳತಿ, "ಮುಂದ ನೋಡೂಣು" ಅಂದರು. ಈ ಮಾತಿನ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶೋಭಾ ಕೋಣೆ ಹಿಡಿದಿಲ್ಲ, ಬಂಗಾರ ಕಪಾಟಿನಲ್ಲೇ ಇದೆ. ಸದ್ಯ ಹುಬ್ಬಳ್ಳಿ ಮಾತ್ರ. ಗುರುತಿಲ್ಲದ ಆರು ಮನೆಯವರು ಮುಂಗಡ ಕೊಟ್ಟ ಮೇಲೆ ಬೋರ್ಡಿನ ಮಾತು ಅಂತ ಗಂಡ ಹೆಂಡತಿ ಇಬ್ಬರೂ ಕೂತು ಒಪ್ಪಿಕೊಂಡಿದ್ದಾರೆ.

ಉಳಿದದ್ದು ಧಾರವಾಡದ ಅಕ್ಕೋರು. ಹುಡುಗಿ ಬೇಡ, ನೀನೇ ಬಾ ಅಂತ ಅವರು ಈಗಲೂ ಫೋನು ಮಾಡುತ್ತಾರೆ. ಏನು ಮಾಡಲಿ ಅಂತ ಶೋಭಾ ಕೇಳಿದರು. ಹೋಗಿ ಬನ್ನಿ ಅಂದೆ. ಆದರೆ ದುಡ್ಡು ತಗೊಳ್ಳಬೇಡಿ, ನೋಟ್‌ಬುಕ್ಕಿನಲ್ಲಿ ಬರೆಯಲೂ ಬೇಡಿ. ಅದು ಗಿರಾಕಿಯ ಮನೆಯಲ್ಲ, ಅಕ್ಕೋರ ಮನೆ.