ವಾಯ್ಸ್ ಓವರ್ ದೃಶ್ಯಕ್ಕೆ ಕೂಡ್ತಿಲ್ಲ ಅಂದ್ರೆ ತಪ್ಪು ಎಲ್ಲಿದೆ?

ಪ್ರಶ್ನೆ: ಧಾರವಾಡದಲ್ಲಿ ಪತ್ರಿಕೋದ್ಯಮ ಓದ್ತಿದ್ದೀನಿ. ಟಿವಿ ಪ್ಯಾಕೇಜ್‌ಗೆ, ಅಂದ್ರೆ ಎಡಿಟ್ ಮಾಡಿದ ಸುದ್ದಿ ವರದಿಗೆ, ನಾನು ಬರೆದ ಸ್ಕ್ರಿಪ್ಟ್ ಹಾಳೆ ಮೇಲೆ ಚೆನ್ನಾಗಿರುತ್ತೆ, ಎಡಿಟ್ ಟೇಬಲ್‌ಗೆ ಹೋದ್ರೆ ದೃಶ್ಯದ ಜೊತೆ ಕೂಡೋದೇ ಇಲ್ಲ. ಪ್ಯಾಕೇಜ್‌ಗೆ ಮುಂಚೆ ಓದುವ ಆ್ಯಂಕರ್ ಲಿಂಕ್‌ನಲ್ಲಿ ಏನು ಹೇಳಬೇಕು, ವಾಯ್ಸ್ ಓವರ್‌ಗೆ, ಅಂದ್ರೆ ವಿಒಗೆ ಏನು ಉಳಿಸಬೇಕು?

ಉತ್ತರ:

ನಾನು ಹುಬ್ಬಳ್ಳಿಯಲ್ಲಿ ಕೆಲವು ವರ್ಷ ವರದಿಗಾರನಾಗಿದ್ದೆ, ಆಮೇಲೆ ಡೆಸ್ಕ್‌ಗೆ ಬಂದೆ. ನಿಮ್ಮ ತೊಂದರೆ ನನಗೂ ಇತ್ತು. ಅದು ತೊಂದರೆ ಅಂತ ಗೊತ್ತಾಗಿದ್ದು ಒಂದು ಫೋನ್ ಕರೆಯಿಂದ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಸುದ್ದಿ ಅದು. ಕಾಯಿ ಕಣದಲ್ಲಿ ಒಣಗುತ್ತಿದ್ದಾಗ ಮಳೆ ಬಿದ್ದು ಬಣ್ಣ ಕೆಟ್ಟಿತ್ತು. ನಾನು ಬರೆದ ವಿಒ ಸಾಲು ಹೀಗಿತ್ತು: "ಕಣದಲ್ಲಿ ಒಣಗಲು ಹಾಕಿದ್ದಾಗ ಅಕಾಲಿಕ ಮಳೆಗೆ ಸಿಕ್ಕಿ ಬಣ್ಣ ಕಳೆದುಕೊಂಡು ಕಪ್ಪಾಗಿರುವ ಮೆಣಸಿನಕಾಯಿಯನ್ನು ಮಾರಾಟಕ್ಕೆ ತಂದ ರೈತರು ಕಂಗಾಲಾಗಿದ್ದಾರೆ." ವ್ಯಾಕರಣ ಸರಿಯಾಗಿದೆ, ವಿಷಯವೂ ಸರಿ. ರಾತ್ರಿ ಬುಲೆಟಿನ್ ಮುಗಿದ ಕೂಡಲೇ ಹಾವೇರಿಯಿಂದ ನಮ್ಮ ಮಾವ ಫೋನ್ ಮಾಡಿದರು. "ಏನೋ ತಮ್ಮಾ, ಕಾಯಿ ಕರ್ರಗಾಗೇತಿ ಅಂತೀದಿ, ಟಿವ್ಯಾಗ ನೋಡಿದ್ರ ಕೆಂಪಗ ಕಾಣ್ತಾವಲ್ಲೋ?"

ಮರುದಿನ ಪ್ಯಾಕೇಜ್ ಮತ್ತೆ ಹಾಕಿ ನೋಡಿದೆ. ಕಪ್ಪು ಕಾಯಿಯ ಶಾಟ್ ಇತ್ತು, ಮೊದಲನೆಯದೇ ಅದು. ಆದರೆ ಇದ್ದದ್ದು ನಾಲ್ಕು ಸೆಕೆಂಡ್ ಮಾತ್ರ. ನನ್ನ ಸಾಲಿನಲ್ಲಿ "ಕಪ್ಪಾಗಿರುವ" ಅನ್ನೋದು ಒಂಬತ್ತನೇ ಪದ. ನಾನು ಓದೋ ವೇಗದಲ್ಲಿ ಸೆಕೆಂಡಿಗೆ ಸುಮಾರು ಎರಡು ಪದ. ಅಂದ್ರೆ ದನಿ "ಕಪ್ಪು" ಅನ್ನೋ ಹೊತ್ತಿಗೆ ಪರದೆ ಮೇಲೆ ಎರಡನೇ ಶಾಟ್ ಬಂದಿತ್ತು, ಅದು ಒಳ್ಳೆ ಕೆಂಪು ಕಾಯಿಯ ರಾಶಿ.

ಕನ್ನಡದಲ್ಲಿ ಟಿವಿಗೆ ಬರೆಯುವವರ ದೊಡ್ಡ ತಲೆನೋವು ಇದೇ. ನಮ್ಮ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮೊದಲು ಸಾಲಾಗಿ ನಿಲ್ಲುತ್ತವೆ, ಹೆಸರು ಆಮೇಲೆ ಬರುತ್ತದೆ, ಕ್ರಿಯಾಪದ ಕೊನೆಗೆ. ಹಾಳೆ ಮೇಲೆ ಓದುವವನಿಗೆ ಅದು ಏನೂ ಅಲ್ಲ, ಕಣ್ಣು ಸಾಲಿನಲ್ಲಿ ಹಿಂದೆ ಮುಂದೆ ಹೋಗಿ ಬರಬಹುದು. ಟಿವಿ ನೋಡುವವನು ಮಾತ್ರ ದೃಶ್ಯವನ್ನು ಮೊದಲು ನೋಡಿ, ಅದು ಯಾವುದರ ಬಗ್ಗೆ ಅಂತ ತಿಳಿಯಲು ಎಂಟು ಪದ ಕಾಯಬೇಕು. ಅಷ್ಟರಲ್ಲಿ ದೃಶ್ಯ ಹೋಗಿರುತ್ತದೆ. ಆದ್ದರಿಂದ ಸ್ಕ್ರಿಪ್ಟ್ ತಿದ್ದುವಾಗ ನಾನು ಮೊದಲು ನೋಡುವುದು, ಮುಖ್ಯ ಪದ ಯಾವ ಶಾಟ್ ಮೇಲೆ ಬೀಳುತ್ತದೆ ಅಂತ. ಶಾಟ್ ಒಂದು ಚೂರು ಮುಂಚೆ ಬಂದು, ಪದ ಹಿಂದೆಯೇ ಬಂದರೆ ಕಣ್ಣಿಗೂ ಕಿವಿಗೂ ಸರಿ ಅನಿಸುತ್ತದೆ. ಪದ ಮೊದಲು ಬಂದು ಶಾಟ್ ತಡವಾದರೆ ಎಡಿಟ್ ತಪ್ಪಿದ ಹಾಗೆ ಕಾಣುತ್ತದೆ.

ಅದೇ ಸುದ್ದಿಯನ್ನು ಈಗ ಬರೆದರೆ, ಮೊದಲು ರಶಸ್, ಅಂದ್ರೆ ಎಡಿಟ್ ಆಗದ ದೃಶ್ಯಗಳನ್ನ, ಪೂರ್ತಿ ನೋಡಿ ಶಾಟ್ ಪಟ್ಟಿ ಮಾಡುತ್ತೇನೆ. ಕೈಯೊಂದು ಚೀಲದ ಬಾಯಿ ಬಿಚ್ಚುತ್ತದೆ, ಒಳಗೆ ಕಪ್ಪು ಕಾಯಿ, ನಾಲ್ಕು ಸೆಕೆಂಡ್. ಪಕ್ಕದ ಅಂಗಡಿ ಮುಂದೆ ಕೆಂಪು ರಾಶಿ, ಮೂರು ಸೆಕೆಂಡ್. ಚೀಲಗಳ ಮೇಲೆ ಕೂತ ರೈತ, ಐದು ಸೆಕೆಂಡ್. ಹಮಾಲಿ ಕಾಯಿ ಸುರಿಯುವುದು, ಸದ್ದಿನ ಸಮೇತ. ಇದಾದ ಮೇಲೇ ಪೆನ್ನು.

ಮೊದಲ ಶಾಟ್‌ಗೆ: "ಕಣದಲ್ಲಿ ಇದ್ದಾಗಲೇ ಮಳೆ ಬಿತ್ತು." ಕಾಯಿ ಕಪ್ಪಾಗಿದೆ ಅಂತ ಹೇಳಲೇ ಇಲ್ಲ ನೋಡಿ. ಅದು ಕಾಣ್ತಾ ಇದೆ. ಕಾಣದೇ ಇರೋದು ಕಾರಣ, ಮಾತಿನ ಕೆಲಸ ಅದು. ಎರಡನೇ ಶಾಟ್‌ಗೆ: "ಬ್ಯಾಡಗಿ ಕಾಯಿಗೆ ಬೆಲೆ ಬಣ್ಣದಿಂದ." ಈಗ ಅದೇ ಕೆಂಪು ರಾಶಿ ನನ್ನ ಪರವಾಗಿ ಮಾತಾಡುತ್ತದೆ, ನೋಡುವವನು ತಾನೇ ಹೋಲಿಸಿಕೊಳ್ಳುತ್ತಾನೆ. ರೈತನ ಶಾಟ್‌ಗೆ: "12 ಚೀಲ ತಂದಿದ್ದಾರೆ. ಸಂಜೆಯಾದರೂ ಕೇಳುವವರಿಲ್ಲ." ಸುರಿಯುವ ಶಾಟ್‌ಗೆ ಏನೂ ಬರೆಯುವುದಿಲ್ಲ. ಎರಡು ಸೆಕೆಂಡ್ ಒಣ ಕಾಯಿಯ ಗಲಗಲ ಸದ್ದು, ಹಿಂದೆ ಯಾರೋ ಘಾಟಿಗೆ ಕೆಮ್ಮಿದ್ದು, ಆಮೇಲೆ ಬೈಟ್, ಅಂದ್ರೆ ರೈತ ಕ್ಯಾಮೆರಾ ಮುಂದೆ ಆಡಿದ ಮಾತು. ಹೊಸಬರು ಆ ಜಾಗ ಖಾಲಿ ಅಂದುಕೊಂಡು ತುಂಬಿಬಿಡುತ್ತಾರೆ. ದಯವಿಟ್ಟು ಬಿಡಿ.

ನೀವು ಒಂದು ಸಲ ಹೀಗೆ ಮಾಡಿ. ಶಾಟ್ ಓಡಿಸುತ್ತಾ ಸಾಲನ್ನು ಗಟ್ಟಿಯಾಗಿ ಓದಿ, ಮೊಬೈಲ್‌ನಲ್ಲಿ ಸಮಯ ನೋಡಿ. ಮನಸ್ಸಿನಲ್ಲಿ ಓದಿದರೆ ಬೇಗ ಮುಗಿಯುತ್ತದೆ, ಅದನ್ನ ನಂಬಬೇಡಿ. ನಾಲ್ಕು ಸೆಕೆಂಡಿಗೆ ಎಂಟು ಪದ ಹಿಡಿಯುತ್ತದೆ ಅನಿಸಿದರೆ ಆರು ಬರೆಯಿರಿ. "ಕಳೆದುಕೊಂಡಿರುವುದರಿಂದ" ಅಂತ ಬಂದರೆ ಒಂದೇ ಪದ ಎರಡರಷ್ಟು ಹೊತ್ತು ತಿನ್ನುತ್ತದೆ.

ಈಗ ಆ್ಯಂಕರ್ ಲಿಂಕ್. ಅದನ್ನ ಕೊನೆಗೆ ಬರೆಯಿರಿ, ವಿಒದ ಮೊದಲ ಸಾಲು ಮತ್ತು ಮೊದಲ ಬೈಟ್ ಎದುರಿಗೆ ಇಟ್ಟುಕೊಂಡು. ನಮ್ಮಲ್ಲಿ ಆಗಾಗ ಆಗೋದು ಏನಂದ್ರೆ, ಆ್ಯಂಕರ್ "ರೈತರು ಕಂಗಾಲು" ಅಂತಾರೆ, ವಿಒ "ಕಂಗಾಲಾದ ರೈತರು" ಅಂತ ಶುರುವಾಗುತ್ತೆ, ಬೈಟ್‌ನಲ್ಲಿ ರೈತ "ನಾವು ಕಂಗಾಲಾಗೇವ್ರಿ" ಅಂತಾನೆ. ಮೂರು ಸಲ ಅದೇ! ಪಾಪ, ಮೂರನೆಯವನ ಮಾತಿಗೆ ಬೆಲೆನೇ ಇಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಮೆಣಸಿನಕಾಯಿ ಮನೆಗೆ ಬರುವ ಹೊತ್ತಿಗೆ ಹಾವೇರಿ ಜಿಲ್ಲೆಯಲ್ಲಿ ಮಳೆ ಬಿತ್ತು. ಬಣ್ಣ ಕೆಟ್ಟ ಕಾಯಿಗೂ ಒಂದು ಬೆಲೆ ನಿಗದಿ ಮಾಡಿ ಎಂದು ಬೆಳೆಗಾರರು ಸರ್ಕಾರವನ್ನು ಕೇಳುತ್ತಿದ್ದಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಇವತ್ತು ಚೀಲ ಬಿಚ್ಚಿದಾಗ ಕಂಡಿದ್ದು ಇದು." ಸುಮಾರು 12 ಸೆಕೆಂಡ್. ಸರ್ಕಾರಕ್ಕೆ ಮಾಡಿದ ಮನವಿಗೆ ನನ್ನ ಹತ್ತಿರ ದೃಶ್ಯ ಇಲ್ಲ, ಹಾಗಾಗಿ ಅದು ಆ್ಯಂಕರ್ ಬಾಯಿಗೆ ಹೋಯಿತು. ದೃಶ್ಯ ಇಲ್ಲದ ಮಾತಿಗೆ ಆ್ಯಂಕರ್ ಮುಖಕ್ಕಿಂತ ಒಳ್ಳೆ ಜಾಗ ಇಲ್ಲ. ಕೊನೆಯ ಸಾಲಿನ "ಚೀಲ" ನೇರವಾಗಿ ಮೊದಲ ಶಾಟ್‌ನ ಕೈಗೆ ಸಿಗುತ್ತದೆ. "ಈ ಕುರಿತು ಇಲ್ಲಿದೆ ಒಂದು ವರದಿ" ಅನ್ನೋದು ಬೇಕಾಗಿಯೇ ಇಲ್ಲ. ಇನ್ನೊಂದು ಮಾತು, ಪ್ಯಾಕೇಜ್ ಪ್ಲೇ ಆಗದೇ ಕೈಕೊಡುವುದು ಉಂಟು. ಆಗ ಲಿಂಕ್ ಒಂದೇ ಸುದ್ದಿ ಹೇಳಿ ಮುಗಿಸುವ ಹಾಗಿರಬೇಕು. ಬರೀ ಕುತೂಹಲ ಹುಟ್ಟಿಸಿ ನಿಲ್ಲಿಸಿದ್ದರೆ ಆ್ಯಂಕರ್ ಒದ್ದಾಡುತ್ತಾರೆ.

ಎರಡು ಕಡೆ ಮಾತ್ರ ತುಂಬಾ ಹುಷಾರಾಗಿರಿ. ಮಳೆಯ ಶಾಟ್ ಸಿಗಲಿಲ್ಲ ಅಂತ ಹೋದ ವರ್ಷದ ಮಳೆ ಹಾಕಿದರೆ ಪರದೆ ಮೇಲೆ "ಫೈಲ್ ದೃಶ್ಯ" ಅಂತ ಬರಲೇಬೇಕು. ನಾನಂತೂ ಮಳೆಯನ್ನ ಮಾತಿಗೇ ಬಿಡುತ್ತೇನೆ. ಎರಡನೆಯದು ಮುಖಗಳು. "ಕೆಲವು ದಲಾಲರು ಬೇಕಂತಲೇ ಬೆಲೆ ಇಳಿಸಿದ್ದಾರೆ ಎಂಬ ಆರೋಪವಿದೆ" ಅನ್ನುವ ಸಾಲಿನ ಕೆಳಗೆ ಗಾದಿ ಮೇಲೆ ಸುಮ್ನೆ ಕೂತ ವ್ಯಾಪಾರಿಯ ಮುಖ ಬಂತು ಅಂದ್ಕೊಳ್ಳಿ. ನೀವು ಹೆಸರು ಹೇಳಿಲ್ಲ, ಆದರೆ ಊರವರಿಗೆಲ್ಲ ಅವನೇ ಕಳ್ಳ. ಮಾನನಷ್ಟದ ನೋಟಿಸ್ ಬಂದರೆ ಆಶ್ಚರ್ಯವಿಲ್ಲ. ಅಂಥ ಸಾಲಿಗೆ ತಕ್ಕಡಿ, ಚೀಲ, ಮಾರುಕಟ್ಟೆಯ ದೂರದ ಶಾಟ್ ಅಂತ ಸ್ಕ್ರಿಪ್ಟ್‌ನ ಎಡಗಡೆ, ದೃಶ್ಯ ಬರೆಯುವ ಕಾಲಂನಲ್ಲೇ ಬರೆದುಬಿಡಿ. ಎಡಿಟರ್‌ಗೆ ಆ ವ್ಯಾಪಾರಿ ಯಾರು ಅಂತ ಗೊತ್ತಿರುವುದಿಲ್ಲ, ಅವರು ಬೆಂಗಳೂರಿನಲ್ಲಿ ಕೂತಿರುತ್ತಾರೆ.

ವಿಒ ರೆಕಾರ್ಡ್ ಆದಮೇಲೆ ಶಾಟ್ ಬದಲಾದರೆ ಆ ಒಂದು ಸಾಲನ್ನ ಮತ್ತೆ ಓದಿ ಕಳಿಸಿ. ಐದು ನಿಮಿಷದ ಕೆಲಸ. ನನ್ನ ಮೆಣಸಿನಕಾಯಿ ಸಾಲನ್ನೂ ಹಾಗೇ ಓದಿ ಕಳಿಸಬಹುದಿತ್ತು, ಆದರೆ ಪ್ರಸಾರಕ್ಕೆ ಮುಂಚೆ ಪ್ಯಾಕೇಜನ್ನ ಒಂದು ಸಲ ಪೂರ್ತಿ ನೋಡಿರಲಿಲ್ಲ.