ಬಾಯಿಯ ಸುತ್ತಲಿನ ಗುಳ್ಳೆಗೆ ಇನ್ನೊಂದು ಕ್ರೀಮ್ ಹುಡುಕಬೇಡಿ

"ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆಗಳಿವೆ. ಮೆಡಿಕಲ್ ಅಂಗಡಿಯವರು ಕೊಟ್ಟ ಕ್ರೀಮ್ ಹಚ್ಚಿದರೆ ಹೋಗುತ್ತವೆ, ಬಿಟ್ಟರೆ ಮತ್ತೆ ಬರುತ್ತವೆ. ಇದಕ್ಕಿಂತ ಒಳ್ಳೆಯ ಕ್ರೀಮ್ ಯಾವುದು?"

ಯಾವುದೂ ಇಲ್ಲ. ನಾನೂ ಇದನ್ನೇ ಕೇಳುತ್ತಾ ಮೂರು ಅಂಗಡಿ ಹತ್ತಿದವಳು. ಮೂರೂ ಕಡೆ ಒಂದೊಂದು ಟ್ಯೂಬ್ ಸಿಕ್ಕಿತು, ಚೀಟಿ ಯಾರೂ ಕೇಳಲಿಲ್ಲ.

ನನ್ನ ಊರು ಸಕಲೇಶಪುರದ ಕಡೆ, ಕೆಲಸ ಹಾಸನದಲ್ಲಿ. ಡಿಸೆಂಬರಿನ ಚಳಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೋಗಿ ಬಂದು ಮೂಗಿನ ಪಕ್ಕ ಚರ್ಮ ಒಡೆದು ಸಿಪ್ಪೆ ಏಳುತ್ತಿತ್ತು. ಅಷ್ಟಕ್ಕೇ ಒಂದು ಟ್ಯೂಬ್ ತಂದೆ. ಎರಡೇ ದಿನದಲ್ಲಿ ಮುಖ ನುಣ್ಣಗಾಯಿತು. ಅಮ್ಮ ಕೂಡ "ಬಣ್ಣ ಬಂದಿದೆ" ಎಂದಳು. ಹಾಗಾಗಿ ಸಿಪ್ಪೆ ಹೋದ ಮೇಲೂ ಹಚ್ಚುತ್ತಲೇ ಇದ್ದೆ. ಫೆಬ್ರವರಿಯ ಹೊತ್ತಿಗೆ ಗಲ್ಲದ ಮೇಲೆ, ಬಾಯಿಯ ಎರಡೂ ಬದಿಗೆ ರಾಗಿಕಾಳಿನಷ್ಟು ಗುಳ್ಳೆಗಳು ಎದ್ದವು. ಕೆರೆತ ಕಡಿಮೆ, ಉರಿ ಹೆಚ್ಚು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕ್ರೀಮ್ ಹಚ್ಚಿದ್ದಲ್ಲ, ಅದನ್ನು ಬಿಟ್ಟಾಗ ಆದದ್ದನ್ನು ತಪ್ಪಾಗಿ ಓದಿಕೊಂಡದ್ದು. ಮೊದಲ ಸಲ ಬಿಟ್ಟಾಗ ಮೂರನೆಯ ದಿನ ಮುಖ ಕೆಂಪಗಾಯಿತು, ಐದನೆಯ ದಿನ ಗುಳ್ಳೆಗಳು ಇಮ್ಮಡಿಯಾದವು. "ನೋಡು, ಕ್ರೀಮ್ ಬಿಟ್ಟದ್ದಕ್ಕೇ ಹೀಗಾಯಿತು, ಅಂದರೆ ಅದೇ ಔಷಧ" ಎಂದುಕೊಂಡು ಮತ್ತೆ ಹಚ್ಚಿದೆ. ರಾತ್ರಿ ಹಚ್ಚಿದರೆ ಬೆಳಿಗ್ಗೆ ಉರಿ ಶಾಂತ. ನಾಲ್ಕು ಸಲ ಬಿಟ್ಟೆ, ನಾಲ್ಕು ಸಲವೂ ಐದಾರು ದಿನಕ್ಕೇ ಸೋತೆ. ಪ್ರತಿ ಸಲವೂ ಮರುಕಳಿಕೆ ಹಿಂದಿನದಕ್ಕಿಂತ ಜೋರಾಗಿತ್ತು. ಐದು ತಿಂಗಳು ಹೋದದ್ದು ಹೀಗೆ.

ಕೊನೆಗೆ ಹಾಸನದಲ್ಲಿ ಚರ್ಮವೈದ್ಯರೊಬ್ಬರ ಬಳಿ ಹೋದೆ. ಅವರು ಕನ್ನಡಿ ಕೈಗಿತ್ತು, "ತುಟಿಯ ಅಂಚು ನೋಡಿ" ಎಂದರು. ತುಟಿಗೆ ಅಂಟಿಕೊಂಡಂತೆ ಸಣ್ಣದೊಂದು ಪಟ್ಟಿಯಷ್ಟು ಚರ್ಮ ಸ್ವಚ್ಛವಾಗಿತ್ತು, ಅದರಾಚೆಗೆ ಗುಳ್ಳೆಗಳ ಬೇಲಿ. ಅಷ್ಟು ದಿನ ಕನ್ನಡಿ ನೋಡಿಯೂ ಆ ಪಟ್ಟಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇದಕ್ಕೆ ಪೆರಿಓರಲ್ ಡರ್ಮಟೈಟಿಸ್ ಎನ್ನುತ್ತಾರೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್ ಎಂದಿತ್ತು, ಪ್ರಬಲವಾದ ಸ್ಟೀರಾಯ್ಡ್. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ, ಉರಿಯೂತವನ್ನು ಅದುಮಿ ಇಡುತ್ತದೆ. ಕೈ ತೆಗೆದ ಕೂಡಲೇ ನಾಳಗಳು ಹಿಗ್ಗಿ, ಅದುಮಿಟ್ಟದ್ದೆಲ್ಲ ಒಟ್ಟಿಗೇ ಮೇಲೇಳುತ್ತದೆ. ನೀವು "ಮತ್ತೆ ಬರುತ್ತವೆ" ಎಂದು ಬರೆದದ್ದು ಇದನ್ನೇ. ಕ್ರೀಮ್ ಗುಳ್ಳೆಗಳನ್ನು ಮುಚ್ಚುತ್ತಲೂ ಇತ್ತು, ಬೆಳೆಸುತ್ತಲೂ ಇತ್ತು.

ಆದ್ದರಿಂದ ಬಿಡುವುದೇ ಚಿಕಿತ್ಸೆಯ ಅರ್ಧ ಭಾಗ. ನನಗೆ ಸ್ಟೀರಾಯ್ಡ್ ಮಾತ್ರವಲ್ಲ, ಮಾಯಿಶ್ಚರೈಸರ್, ಫೌಂಡೇಶನ್, ಅಮ್ಮನ ಅರಿಶಿನ ಎಲ್ಲವನ್ನೂ ನಿಲ್ಲಿಸಿದರು. ಬರೀ ಉಗುರುಬೆಚ್ಚಗಿನ ನೀರು. ಜೊತೆಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ, 100 ಮಿಲಿಗ್ರಾಂ, ದಿನಕ್ಕೊಂದು, ಆರು ವಾರ. ಊಟದ ಜೊತೆ, ಲೋಟ ತುಂಬ ನೀರಿನೊಂದಿಗೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಬಿಸಿಲಿಗೆ ಮುಖ ಒಡ್ಡಬಾರದು. ಈ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಅವರಿಗೆ ಬೇರೆ ದಾರಿಗಳಿವೆ. ಬಹಳ ಕಾಲ ಪ್ರಬಲ ಸ್ಟೀರಾಯ್ಡ್ ಕ್ರೀಮ್ ಹಚ್ಚಿದವರಿಗೆ ಕೆಲವು ವೈದ್ಯರು ಸೌಮ್ಯವಾದ ಸ್ಟೀರಾಯ್ಡ್ ಕೊಟ್ಟು ಹಂತ ಹಂತವಾಗಿ ಬಿಡಿಸುತ್ತಾರೆ. ನಿಮ್ಮ ಟ್ಯೂಬನ್ನು ಎಸೆಯದೆ ತೆಗೆದುಕೊಂಡು ಹೋಗಿ ತೋರಿಸಿ. ಹಾಂ, ನಾನು ಹೇಳುತ್ತಿರುವುದು ಮುಖಕ್ಕೆ ಹಚ್ಚುವ ಕ್ರೀಮಿನ ಮಾತು. ಬೇರೆ ಕಾಯಿಲೆಗೆ ನುಂಗುವ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಎರಡನೆಯ ವಾರ ಅತಿ ಕೆಟ್ಟದ್ದಾಗಿತ್ತು. ಮುಖ ಬಿಗಿದು, ಬಾಯಿ ತೆರೆದರೆ ಚುರುಗುಟ್ಟುತ್ತಿತ್ತು. ದುಪಟ್ಟಾ ಮೂಗಿನವರೆಗೆ ಎಳೆದುಕೊಂಡು ಬಸ್ಸಿನಲ್ಲಿ ಕುಳಿತಿರುತ್ತಿದ್ದೆ. ಆದರೆ ಇದು ಬಂದೇ ಬರುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರಲ್ಲ, ಐದನೆಯ ದಿನ ಟ್ಯೂಬಿನ ಕಡೆ ಕೈ ಹೋಗಲಿಲ್ಲ. ಮೂರನೆಯ ವಾರದಿಂದ ಉರಿ ಇಳಿಯಿತು, ಎರಡು ತಿಂಗಳಿಗೆ ಕೆಂಪು ಕಲೆಗಳಷ್ಟೇ ಉಳಿದವು.

ಪ್ರತಿ ಭಾನುವಾರ ಅಡುಗೆಮನೆಯ ಕಿಟಕಿಯ ಬಳಿ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡುತ್ತಿದ್ದೆ. ನೀವೂ ತೆಗೆದಿಡಿ, ದಿನವೂ ಕನ್ನಡಿ ನೋಡುವವರಿಗೆ ಇಳಿಯುತ್ತಿರುವುದು ಗೊತ್ತಾಗುವುದಿಲ್ಲ. ಎರಡನೆಯ ಭಾನುವಾರದ ಫೋಟೋವನ್ನು ಮಾತ್ರ ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ.