ಹಸಿರೇ ಕಾಣದಿದ್ದರೆ ಅನುಮಾನ ಪಡಿ

ಪ್ರಶ್ನೆ: ಅಜ್ಜಿಯ ಉಂಗುರದಿಂದ ಕಳಚಿದ ಕಲ್ಲು, 8 ಕ್ಯಾರೆಟ್ ತೂಗುತ್ತದೆ. ಹಗಲಲ್ಲಿ ಬೂದು ನೀಲಿ, ಹಳೇ ಬಲ್ಬಿನ ಕೆಳಗೆ ನೇರಳೆ. ಒಳಗೆ ಒಂದು ಚುಕ್ಕೆಯೂ ಇಲ್ಲ. ಇದು ಅಲೆಕ್ಸಾಂಡ್ರೈಟ್ ತಾನೇ?

ಉತ್ತರ: ಬೇಜಾರಾಗಬೇಡಿ, ಬಹುಶಃ ಅಲ್ಲ. ನಿಜವಾದ ಅಲೆಕ್ಸಾಂಡ್ರೈಟ್ ಹಗಲಲ್ಲಿ ಹಸಿರು ಅಥವಾ ಹಸಿರು ಬೆರೆತ ನೀಲಿ, ಬಲ್ಬಿನ ಅಥವಾ ಮೇಣದಬತ್ತಿಯ ಬೆಳಕಲ್ಲಿ ಕೆಂಪು ಅಥವಾ ನೇರಳೆಗೆಂಪು. ನಿಮ್ಮದರಲ್ಲಿ ಹಸಿರಿನ ಸುಳಿವೇ ಇಲ್ಲ. ನೀವು ಹೇಳಿದ ಬಣ್ಣಗಳು ವೆನೇಡಿಯಂ ಸೇರಿಸಿ ಕುಲುಮೆಯಲ್ಲಿ ಬೆಳೆಸಿದ ನೀಲದ ಗುರುತು. ಅದನ್ನು ಅಲೆಕ್ಸಾಂಡ್ರೈಟ್ ಅಂತ ಮಾರುವುದು ಹಳೇ ಚಾಳಿ.

ಅಸಲಿ ಕಲ್ಲು ವೈಡೂರ್ಯದ ಜಾತಿಯದೇ, ಅಂದರೆ ಕ್ರೈಸೊಬೆರಿಲ್. ಅದರಲ್ಲಿ ಚೂರು ಕ್ರೋಮಿಯಂ ಸೇರಿರುತ್ತದೆ. ಆ ಕ್ರೋಮಿಯಂ ಹಳದಿ ಬೆಳಕನ್ನು ನುಂಗಿ, ಹಸಿರು ಮತ್ತು ಕೆಂಪು ಎರಡನ್ನೂ ಹೊರಬಿಡುತ್ತದೆ. ಹಗಲ ಬೆಳಕಲ್ಲಿ ಹಸಿರು, ನೀಲಿ ಧಾರಾಳವಾಗಿರುತ್ತವೆ, ನಮ್ಮ ಕಣ್ಣಿಗೂ ಹಸಿರೇ ಚುರುಕು, ಹಾಗಾಗಿ ಹಸಿರು ಗೆಲ್ಲುತ್ತದೆ. ತಂತಿ ಬಲ್ಬಿನಲ್ಲಿ ಕೆಂಪೇ ಜಾಸ್ತಿ, ಆಗ ತಕ್ಕಡಿ ಆ ಕಡೆ ವಾಲುತ್ತದೆ. ಕಲ್ಲು ಬದಲಾಗುವುದಿಲ್ಲ, ಬೆಳಕು ಬದಲಾಗುತ್ತದೆ ಅಷ್ಟೇ. ಇದೇ ಕ್ರೋಮಿಯಂ ಮಾಣಿಕ್ಯವನ್ನು ಕೆಂಪಾಗಿ, ಪಚ್ಚೆಯನ್ನು ಹಸಿರಾಗಿ ಮಾಡುತ್ತದೆ. ಇದು ಎರಡರ ನಡುವೆ ಸಿಕ್ಕಿಬಿದ್ದ ಕಲ್ಲು.

ಇದು ಅಪರೂಪ ಯಾಕೆ ಅಂದರೆ, ಈ ಕಲ್ಲು ಹುಟ್ಟಲು ಬೆರಿಲಿಯಂ, ಕ್ರೋಮಿಯಂ ಎರಡೂ ಬೇಕು. ಬೆರಿಲಿಯಂ ಸೇರುವುದು ಗ್ರಾನೈಟ್ ಕರಗಿದ ರಸದಲ್ಲಿ, ಕ್ರೋಮಿಯಂ ಇರುವುದು ಭೂಮಿಯ ಆಳದ ಕಪ್ಪು ಶಿಲೆಯಲ್ಲಿ. ಇವೆರಡು ಎದುರಾಗುವುದೇ ಅಪರೂಪ. ಎದುರಾದರೂ ಅಲ್ಲಿ ಸಿಲಿಕಾ ಸಾಕಷ್ಟಿದ್ದರೆ ಹುಟ್ಟುವುದು ಪಚ್ಚೆ, ಇದಲ್ಲ! 1830ರ ದಶಕದಲ್ಲಿ ರಷ್ಯಾದ ಉರಾಲ್ ಪರ್ವತದಲ್ಲಿ ಇದು ಮೊದಲು ಸಿಕ್ಕಿದ್ದೂ ಪಚ್ಚೆಯ ಗಣಿಗಳಲ್ಲೇ. ದೊಡ್ಡದಾಗಿಯೂ, ಚುಕ್ಕೆ ಇಲ್ಲದೆಯೂ ಸಿಗುವುದು ಇನ್ನೂ ಕಷ್ಟ. ನಿಮ್ಮ 8 ಕ್ಯಾರೆಟ್ ಸ್ವಚ್ಛ ಕಲ್ಲು ನನಗೆ ಅನುಮಾನ ತಂದದ್ದು ಅದಕ್ಕೇ.

ಕಲ್ಲು ಬಿಡಿಯಾಗಿದೆಯಲ್ವಾ, ಹಾಗಾದರೆ ನೀರಲ್ಲಿ ತೂಗಿಸಿ ನೋಡಿ. ಅಲೆಕ್ಸಾಂಡ್ರೈಟಿನ ಸಾಂದ್ರತೆ ಸುಮಾರು 3.73, ನೀಲದ್ದು 4.00. ಅಂದರೆ 8 ಕ್ಯಾರೆಟ್ ಕಲ್ಲು ನೀರಲ್ಲಿ ಮುಳುಗಿದಾಗ, ನೀಲವಾದರೆ 2.00 ಕ್ಯಾರೆಟ್ ಕಳೆದುಕೊಂಡು 6.00 ತೋರಿಸುತ್ತದೆ, ಅಲೆಕ್ಸಾಂಡ್ರೈಟ್ ಆದರೆ 2.14 ಕಳೆದು 5.86. ವ್ಯತ್ಯಾಸ ಸಣ್ಣದು, ಹಾಗಾಗಿ ಕ್ಯಾರೆಟ್‌ನ ನೂರನೇ ಒಂದು ಭಾಗ ತೋರಿಸುವ ತಕ್ಕಡಿಯೇ ಬೇಕು, ಕಲ್ಲಿಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ. ಭೂತಗನ್ನಡಿಯಲ್ಲಿ ಬಾಗಿದ ಗೆರೆಗಳು ಕಂಡರೆ ಕುಲುಮೆಯ ಕಲ್ಲು ಅಂತ ಇನ್ನೂ ಗಟ್ಟಿ.

5.86 ಬಂದರೂ ಕುಣಿಯಬೇಡಿ. ಲ್ಯಾಬಿನಲ್ಲಿ ಬೆಳೆಸಿದ ಅಲೆಕ್ಸಾಂಡ್ರೈಟೂ ಇದೆ, ಅದರ ತೂಕ, ಬಣ್ಣ ಎಲ್ಲ ಗಣಿಯದರ ಹಾಗೇ. ಅದನ್ನು ಬೇರ್ಪಡಿಸಲು ರತ್ನ ಪರೀಕ್ಷಾ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿಸಲೇಬೇಕು.